ಹತ್ತು ಆಜ್ಞೆಗಳು, ಬೇರೆ ಬೇರೆ ಲೆಕ್ಕ: ಯಹೂದ್ಯರು ಮತ್ತು ಚರ್ಚ್‌ಗಳ ಎಣಿಕೆ ಯಾಕೆ ಒಂದೇ ಆಗಿಲ್ಲ?

ಅಮೆರಿಕದ ಲೂಯಿಸಿಯಾನಾ ರಾಜ್ಯದ ಗವರ್ನರ್ ಜೆಫ್ ಲ್ಯಾಂಡ್ರಿ 2024ರ ಜೂನ್‌ನಲ್ಲಿ ಒಂದು ಕಾನೂನಿಗೆ ಸಹಿ ಹಾಕಿದರು. ಅದರ ಪ್ರಕಾರ ಸರ್ಕಾರಿ ಶಾಲೆಗಳ ಪ್ರತಿ ತರಗತಿಯಲ್ಲೂ ಬೈಬಲಿನ ಹತ್ತು ಆಜ್ಞೆಗಳ ಪೋಸ್ಟರ್ ತೂಗುಹಾಕಬೇಕು. ಪೋಸ್ಟರ್ ಕನಿಷ್ಠ 11 ಇಂಚಿಗೆ 14 ಇಂಚು ಅಳತೆಯದಾಗಿರಬೇಕು. ಅದರಲ್ಲಿ ಯಾವ ಮಾತುಗಳಿರಬೇಕು ಅನ್ನುವುದನ್ನೂ ಕಾನೂನೇ ಬರೆದುಕೊಟ್ಟಿದೆ. 2025ರಲ್ಲಿ ಅರ್ಕಾನ್ಸಾ ಮತ್ತು ಟೆಕ್ಸಾಸ್ ಕೂಡ ಇಂಥದೇ ಕಾನೂನು ತಂದವು. ಮೂರೂ ಕಾನೂನುಗಳು ಕೋರ್ಟ್ ಮೆಟ್ಟಿಲೇರಿದವು.

ಧರ್ಮ ಮತ್ತು ಸರ್ಕಾರದ ನಡುವಿನ ಗೆರೆ ಎಲ್ಲಿ ಅನ್ನುವ ಜಗಳ ಹೊಸದೇನಲ್ಲ. ಆದರೆ ಈ ಸುದ್ದಿಯನ್ನು ಓದಿದ ಹಲವರಿಗೆ ಬೇರೊಂದು ಗೊಂದಲ ಕಾಡಿತು. ಕೇಸು ಹಾಕಿದವರಲ್ಲಿ ಯಹೂದಿ ಕುಟುಂಬಗಳೂ ಇದ್ದವು, ಕ್ರೈಸ್ತ ಕುಟುಂಬಗಳೂ ಇದ್ದವು. 'ಪೋಸ್ಟರಿನಲ್ಲಿರುವುದು ನಮ್ಮ ಹತ್ತು ಆಜ್ಞೆಗಳಲ್ಲ' ಅನ್ನುವುದೂ ಆಕ್ಷೇಪಗಳಲ್ಲಿ ಒಂದು. ಅರೆ, ಹತ್ತು ಆಜ್ಞೆಗಳೆಂದರೆ ಎಲ್ಲರಿಗೂ ಅವೇ ಅಲ್ವಾ? ಒಂದೇ ಗ್ರಂಥ, ಒಂದೇ ಭಾಗ, ಪ್ರವಾದಿ ಮೋಶೆಗೆ ಸೀನಾಯಿ ಬೆಟ್ಟದಲ್ಲಿ ಸಿಕ್ಕಿದವೆಂದು ನಂಬುವ ಅವೇ ಮಾತುಗಳು. ಹಾಗಿದ್ದೂ 'ಆರನೆಯ ಆಜ್ಞೆ' ಅಂದರೆ ಒಬ್ಬರಿಗೆ ಕೊಲೆ, ಇನ್ನೊಬ್ಬರಿಗೆ ವ್ಯಭಿಚಾರ. 'ಎರಡನೆಯದು' ಅಂದರೆ ಒಬ್ಬರಿಗೆ ವಿಗ್ರಹ, ಇನ್ನೊಬ್ಬರಿಗೆ ದೇವರ ಹೆಸರು. ಇದು ಹೇಗಾಯಿತು ಅನ್ನುವುದನ್ನು ತಿಳಿಯಲು ಮೂಲಗ್ರಂಥದಿಂದಲೇ ಶುರುಮಾಡಬೇಕು.

ಮೂಲದಲ್ಲಿ ಅಂಕಿಗಳೇ ಇಲ್ಲ

ಈ ಆಜ್ಞೆಗಳು ಬೈಬಲಿನಲ್ಲಿ ಎರಡು ಕಡೆ ಬರುತ್ತವೆ. ಒಂದು ವಿಮೋಚನಕಾಂಡದ 20ನೇ ಅಧ್ಯಾಯ, ಇನ್ನೊಂದು ಧರ್ಮೋಪದೇಶಕಾಂಡದ 5ನೇ ಅಧ್ಯಾಯ. ಎರಡರಲ್ಲೂ 'ಇದು ಮೊದಲನೆಯದು, ಇದು ಎರಡನೆಯದು' ಅಂತ ಎಲ್ಲೂ ಹೇಳಿಲ್ಲ. ವಚನಗಳ ಸಂಖ್ಯೆಗಳು ಎಷ್ಟೋ ಶತಮಾನಗಳ ಬಳಿಕ ಸೇರಿಸಿದವು. ಆಜ್ಞೆಗಳ ಎಣಿಕೆಗೂ ಅವಕ್ಕೂ ಸಂಬಂಧವಿಲ್ಲ.

ಹಾಗಾದರೆ ಹತ್ತು ಅನ್ನುವ ಲೆಕ್ಕ ಎಲ್ಲಿಂದ ಬಂತು? ಅದೂ ಬೈಬಲಿನಿಂದಲೇ ಬಂದದ್ದು, ಆದರೆ ಬೇರೆ ಜಾಗದಿಂದ. ವಿಮೋಚನಕಾಂಡದ 34ನೇ ಅಧ್ಯಾಯ, ಧರ್ಮೋಪದೇಶಕಾಂಡದ 4 ಮತ್ತು 10ನೇ ಅಧ್ಯಾಯಗಳು ಕಲ್ಲಿನ ಹಲಗೆಗಳ ಮೇಲೆ 'ಹತ್ತು ಮಾತುಗಳು' ಇದ್ದವು ಅನ್ನುತ್ತವೆ. ಅಂದರೆ ಓದುಗನ ಕೈಗೆ ಒಂದು ಕಡೆ ಹತ್ತು ಅನ್ನುವ ಸಂಖ್ಯೆ ಸಿಗುತ್ತದೆ, ಇನ್ನೊಂದು ಕಡೆ ಅಂಕಿಯಿಲ್ಲದ ಒಂದಿಷ್ಟು ವಾಕ್ಯಗಳು. ಎರಡನ್ನೂ ಹೊಂದಿಸುವ ಕೆಲಸ ಓದುಗನದು. ತೊಂದರೆ ಏನೆಂದರೆ, 'ಮಾಡು', 'ಮಾಡಬೇಡ' ಅನ್ನುವ ಮಾತುಗಳನ್ನು ಒಂದೊಂದಾಗಿ ಎಣಿಸಿದರೆ ಹತ್ತಕ್ಕಿಂತ ಜಾಸ್ತಿ ಆಗುತ್ತವೆ. ಹಾಗಾಗಿ ಕೆಲವನ್ನು ಒಟ್ಟುಗೂಡಿಸದೆ ದಾರಿಯಿಲ್ಲ.

ನಡುವಿನ ಭಾಗದಲ್ಲಿ ಯಾರಿಗೂ ತಕರಾರಿಲ್ಲ. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬೇಡ, ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನವನ್ನು ಆಚರಿಸು, ತಂದೆತಾಯಿಯನ್ನು ಗೌರವಿಸು, ಕೊಲ್ಲಬೇಡ, ವ್ಯಭಿಚಾರ ಮಾಡಬೇಡ, ಕದಿಯಬೇಡ, ಸುಳ್ಳುಸಾಕ್ಷಿ ಹೇಳಬೇಡ. ಇವು ಏಳು, ಒಂದೊಂದೂ ಬಿಡಿಬಿಡಿ. ತಕರಾರು ಇರುವುದು ಎರಡು ತುದಿಗಳಲ್ಲಿ.

ಆರಂಭದ ತುದಿಯಲ್ಲಿ ಮೂರು ಮಾತುಗಳಿವೆ. 'ಐಗುಪ್ತದ ದಾಸತ್ವದಿಂದ ನಿನ್ನನ್ನು ಬಿಡಿಸಿದ ನಿನ್ನ ದೇವರಾದ ಯೆಹೋವನು ನಾನೇ' ಅನ್ನುವುದು ಒಂದು. ಐಗುಪ್ತವೆಂದರೆ ಈಜಿಪ್ಟ್. 'ನನ್ನ ಹೊರತು ನಿನಗೆ ಬೇರೆ ದೇವರುಗಳು ಇರಬಾರದು' ಅನ್ನುವುದು ಇನ್ನೊಂದು. 'ವಿಗ್ರಹ ಮಾಡಿಕೊಳ್ಳಬೇಡ, ಅವುಗಳಿಗೆ ಅಡ್ಡಬೀಳಬೇಡ' ಅನ್ನುವುದು ಮೂರನೆಯದು. ಕೊನೆಯ ತುದಿಯಲ್ಲಿ ಎರಡು ಮಾತುಗಳು: ನೆರೆಯವನ ಮನೆಯನ್ನು ಆಶಿಸಬೇಡ, ಅವನ ಹೆಂಡತಿಯನ್ನು, ಆಳುಗಳನ್ನು, ಎತ್ತು ಕತ್ತೆಗಳನ್ನು ಆಶಿಸಬೇಡ.

ಈಗ ಲೆಕ್ಕ ನೋಡಿ. ನಡುವೆ ಏಳು ಖಚಿತ. ಹತ್ತು ಆಗಲು ಇನ್ನು ಮೂರು ಬೇಕು. ಆರಂಭದ ಮೂರು ಮಾತುಗಳಿಂದ ಎರಡು, ಕೊನೆಯ ಎರಡರಿಂದ ಒಂದು ತೆಗೆದುಕೊಳ್ಳಬಹುದು. ಇಲ್ಲವೇ ಆರಂಭದ್ದೆಲ್ಲ ಸೇರಿಸಿ ಒಂದು, ಕೊನೆಯದನ್ನು ಒಡೆದು ಎರಡು ಮಾಡಬಹುದು. ಒಂದು ತುದಿಯಲ್ಲಿ ಸೇರಿಸಿದವರು ಇನ್ನೊಂದು ತುದಿಯಲ್ಲಿ ಒಡೆಯಲೇಬೇಕು. ಬೇರೆ ಬೇರೆ ಎಣಿಕೆಗಳೆಲ್ಲ ಹುಟ್ಟಿದ್ದು ಈ ಒಂದು ಕಟ್ಟುಪಾಡಿನಿಂದ.

ಯಹೂದ್ಯರಿಗೆ ಮೊದಲ ಮಾತೇ ಮೊದಲನೆಯದು

ಯಹೂದಿ ಸಂಪ್ರದಾಯದಲ್ಲಿ 'ನಿನ್ನನ್ನು ಐಗುಪ್ತದಿಂದ ಬಿಡಿಸಿದ ದೇವರು ನಾನೇ' ಅನ್ನುವ ಮಾತೇ ಮೊದಲನೆಯದು. ಬೇರೆ ದೇವರುಗಳು ಮತ್ತು ವಿಗ್ರಹ ಎರಡೂ ಸೇರಿ ಎರಡನೆಯದು. ಕೊನೆಯ ಆಶೆಯ ಮಾತುಗಳೆಲ್ಲ ಒಟ್ಟಾಗಿ ಹತ್ತನೆಯದು.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. 'ನಾನು ದೇವರು' ಅನ್ನುವುದರಲ್ಲಿ ಆಜ್ಞೆ ಎಲ್ಲಿದೆ? ಆದರೆ ಮೂಲ ಹೇಳುವುದು ಹತ್ತು 'ಮಾತು'ಗಳು ಎಂದೇ, ಆಜ್ಞೆಗಳು ಎಂದಲ್ಲ. ಹಾಗಾಗಿ ಒಂದು ಘೋಷಣೆಯೂ ಆ ಹತ್ತರಲ್ಲಿ ಸೇರಬಹುದು. ಅದು ಆಜ್ಞೆಯೂ ಹೌದೋ ಅನ್ನುವ ಬಗ್ಗೆ ಯಹೂದಿ ಪಂಡಿತರಲ್ಲೇ ದೊಡ್ಡ ವಾದ ನಡೆದಿದೆ. 12ನೇ ಶತಮಾನದ ಮೈಮೊನಿಡೀಸ್ ಅದನ್ನು 'ದೇವರಿದ್ದಾನೆ ಎಂದು ತಿಳಿ' ಅನ್ನುವ ಆಜ್ಞೆಯಾಗಿ ಓದಿದರು. ಧರ್ಮಗ್ರಂಥದಲ್ಲಿ ಒಟ್ಟು ಇವೆ ಎನ್ನುವ 613 ಆಜ್ಞೆಗಳ ತಮ್ಮ ಪಟ್ಟಿಯಲ್ಲಿ ಅದನ್ನೇ ಮೊದಲಿಗಿಟ್ಟರು. ಸ್ಪೇನಿನ ಹಸ್ದಾಯ್ ಕ್ರೆಸ್ಕಾಸ್ ಇದನ್ನು ಒಪ್ಪಲಿಲ್ಲ. ಆಜ್ಞೆ ಕೊಡುವವನು ಇದ್ದಾನೆ ಎಂದು ಮೊದಲೇ ಒಪ್ಪಿದರಷ್ಟೇ ಆಜ್ಞೆ ಅನ್ನುವುದಕ್ಕೆ ಅರ್ಥ, ಹಾಗಾಗಿ 'ನನ್ನನ್ನು ನಂಬು' ಅನ್ನುವುದು ಆಜ್ಞೆಯಾಗಲಾರದು ಅನ್ನುವುದು ಅವರ ವಾದ. ವಾದ ಎಷ್ಟೇ ಆದರೂ ಎಣಿಕೆ ಮಾತ್ರ ಬದಲಾಗಲಿಲ್ಲ.

ಮೊದಲೆರಡನ್ನು ಹೀಗೆ ಜೋಡಿಯಾಗಿ ಕಾಣಲು ಮೂಲದಲ್ಲೇ ಒಂದು ಆಧಾರವಿದೆ. ವಿಗ್ರಹದ ಮಾತು ಮುಗಿಯುವವರೆಗೂ ದೇವರು 'ನಾನು', 'ನನ್ನ' ಎಂದು ತಾನೇ ಮಾತಾಡುತ್ತಾನೆ. ಅದರ ನಂತರ ಮಾತಿನ ಧಾಟಿ ಬದಲಾಗುತ್ತದೆ. 'ನಿನ್ನ ದೇವರಾದ ಯೆಹೋವನ ಹೆಸರನ್ನು' ಎಂದು, ಬೇರೆಯವರು ದೇವರ ಬಗ್ಗೆ ಹೇಳಿದ ಹಾಗೆ ಮುಂದುವರಿಯುತ್ತದೆ. ಮೊದಲ ಎರಡು ಮಾತುಗಳನ್ನು ಜನ ನೇರವಾಗಿ ದೇವರ ಬಾಯಿಂದಲೇ ಕೇಳಿದರು, ಉಳಿದವು ಮೋಶೆಯ ಮೂಲಕ ಬಂದವು ಅನ್ನುತ್ತದೆ ಯಹೂದ್ಯರ ಪ್ರಾಚೀನ ವ್ಯಾಖ್ಯಾನಗ್ರಂಥ ತಾಲ್ಮುದ್. ಅದಕ್ಕೊಂದು ಸೊಗಸಾದ ಲೆಕ್ಕವೂ ಇದೆ. ಹೀಬ್ರೂವಿನಲ್ಲಿ ಒಂದೊಂದು ಅಕ್ಷರವೂ ಒಂದು ಸಂಖ್ಯೆಗೆ ಸಮ. ಮೋಶೆಯ ಧರ್ಮಗ್ರಂಥದ ಹೆಸರಾದ 'ತೋರಾ' ಅನ್ನುವ ಪದದ ಅಕ್ಷರಗಳನ್ನು ಕೂಡಿದರೆ 611 ಬರುತ್ತದೆ. ಮೋಶೆ ತಂದ 611ಕ್ಕೆ ನೇರವಾಗಿ ಕೇಳಿದ ಈ ಎರಡು ಸೇರಿದರೆ 613.

ಐದು ಐದಾಗಿ ಹಂಚುವುದಕ್ಕೂ ಈ ಎಣಿಕೆ ಚೆನ್ನಾಗಿ ಒದಗುತ್ತದೆ. ಒಂದು ಹಲಗೆಯಲ್ಲಿ ಐದು, ಇನ್ನೊಂದರಲ್ಲಿ ಐದು ಎಂದಿಟ್ಟರೆ 'ದೇವರು ನಾನೇ' ಅನ್ನುವುದರ ಎದುರಿಗೆ 'ಕೊಲ್ಲಬೇಡ' ಬರುತ್ತದೆ. ಮನುಷ್ಯನನ್ನು ಕೊಲ್ಲುವುದು ದೇವರ ರೂಪವನ್ನೇ ಕುಂದಿಸಿದಂತೆ ಎಂದು ಹಳೆಯ ರಬ್ಬಿಗಳು ಇದನ್ನು ವಿವರಿಸಿದರು. ಎಣಿಕೆ ಬದಲಾದರೆ ಈ ಜೋಡಿಯೇ ಮುರಿದುಬೀಳುತ್ತದೆ.

ಇಲ್ಲಿ ಯಹೂದ್ಯರಿಗೆ ಹತ್ತಿರದ ಪುರಾತನ ಸಮುದಾಯವಾದ ಸಮಾರಿಯದವರನ್ನೂ ನೆನೆಯಬೇಕು. ಅವರ ಗ್ರಂಥದಲ್ಲಿ ಇದೇ ಭಾಗದ ಕೊನೆಗೆ ಗೆರಿಜ್ಜೀಮ್ ಬೆಟ್ಟದ ಮೇಲೆ ಯಜ್ಞವೇದಿ ಕಟ್ಟಬೇಕು ಅನ್ನುವ ಮಾತಿದೆ. ಅವರಿಗೆ ಅದೇ ಹತ್ತನೆಯ ಆಜ್ಞೆ. ಹಾಗಾಗಿ ಉಳಿದ ಎಲ್ಲವನ್ನೂ ಅವರು ಒಂಬತ್ತರೊಳಗೆ ಎಣಿಸುತ್ತಾರೆ.

ವಿಗ್ರಹಕ್ಕೆ ಬೇರೆಯದೇ ಸಂಖ್ಯೆ ಕೊಟ್ಟವರು

ಪ್ರಾಚೀನ ಕಾಲದಲ್ಲಿ ಇನ್ನೊಂದು ಎಣಿಕೆಯೂ ಬಳಕೆಯಲ್ಲಿತ್ತು. ಅದನ್ನು ಬರೆದಿಟ್ಟವರೂ ಯಹೂದ್ಯರೇ. ಒಂದನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ದಾರ್ಶನಿಕ ಫಿಲೋ ಮತ್ತು ಇತಿಹಾಸಕಾರ ಜೋಸೆಫಸ್ ಇಬ್ಬರೂ ಬೇರೆ ದೇವರುಗಳ ಮಾತನ್ನು ಮೊದಲನೆಯದು, ವಿಗ್ರಹದ ಮಾತನ್ನು ಎರಡನೆಯದು ಎಂದು ಎಣಿಸಿದರು. ಆಶೆಯದೆಲ್ಲ ಸೇರಿ ಹತ್ತನೆಯದು.

ಗ್ರೀಕ್ ಭಾಷೆಯ ಕ್ರೈಸ್ತರು ಹಿಡಿದದ್ದು ಈ ದಾರಿಯನ್ನು. 3ನೇ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್ ಇದಕ್ಕೆ ಕಾರಣವನ್ನೂ ಕೊಟ್ಟರು. 'ನಿನ್ನ ದೇವರು ನಾನೇ' ಅನ್ನುವುದು ಆಜ್ಞೆಯಲ್ಲ, ಆಜ್ಞೆ ಕೊಡುವವರು ಯಾರು ಎಂದು ತಿಳಿಸುವ ಮಾತು. ಬೇರೆ ದೇವರು ಮತ್ತು ವಿಗ್ರಹ ಎರಡನ್ನೂ ಒಂದೇ ಎಂದು ಎಣಿಸಿದರೆ ಹತ್ತು ತುಂಬುವುದಿಲ್ಲ. ಆದ್ದರಿಂದ ಅವು ಎರಡು. ಒರಿಜೆನ್ ಆಶೆಯ ಮಾತನ್ನು ಒಡೆಯುವ ಯೋಚನೆಯನ್ನೇ ಮಾಡಲಿಲ್ಲ, ಹಾಗಾಗಿ ಅವರಿಗೆ ಈ ವಾದ ಗಟ್ಟಿ ಅನ್ನಿಸಿತು. ಪೂರ್ವದ ಆರ್ಥೊಡಾಕ್ಸ್ ಚರ್ಚ್‌ಗಳು ಇಂದಿಗೂ ಹೀಗೇ ಎಣಿಸುತ್ತವೆ.

ಅಗಸ್ಟೀನ್ ಬದಲಿಸಿದ್ದು

ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ 5ನೇ ಶತಮಾನದ ಆರಂಭದಲ್ಲಿ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ದೇವರಿಗೆ ಸಂಬಂಧಿಸಿದ ಆಜ್ಞೆಗಳು ನಾಲ್ಕೋ ಮೂರೋ ಅನ್ನುವುದು ಅವರ ಮುಂದಿದ್ದ ಪ್ರಶ್ನೆ. ನಾಲ್ಕು ಎನ್ನುವವರಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಅದನ್ನು ಬರೆದೂ ಇದ್ದಾರೆ. ಆದರೂ ಅವರು ಆರಿಸಿಕೊಂಡದ್ದು ಮೂರನ್ನು.

ಕಾರಣಗಳು ಎರಡು. ಒಂದು, ಮೂರು ಅನ್ನುವುದು ಅವರಿಗೆ ತ್ರಿತ್ವವನ್ನು, ಅಂದರೆ ಪಿತ, ಪುತ್ರ, ಪವಿತ್ರಾತ್ಮರನ್ನು ಸೂಚಿಸುವ ಹಾಗೆ ಕಂಡಿತು. ಇನ್ನೊಂದು, ವಿಗ್ರಹ ಮಾಡಬೇಡ ಅನ್ನುವುದು ಬೇರೆ ದೇವರು ಇರಬಾರದು ಅನ್ನುವುದರದೇ ವಿವರಣೆ ಎಂದು ಅವರು ಓದಿದರು. ದೇವರಿಗೆ ಸಂಬಂಧಿಸಿದವು ಮೂರೇ ಆದ್ದರಿಂದ ಉಳಿದ ಏಳಕ್ಕೆ ಕೊನೆಯ ಆಶೆಯ ಮಾತನ್ನು ಒಡೆಯಬೇಕಾಯಿತು. ನೆರೆಯವನ ಹೆಂಡತಿಯನ್ನು ಬಯಸುವುದು ಒಂದು ಪಾಪ, ಅವನ ಆಸ್ತಿಯನ್ನು ಬಯಸುವುದು ಇನ್ನೊಂದು ಪಾಪ ಎಂದು ಅವರು ಬೇರ್ಪಡಿಸಿದರು. ವ್ಯಭಿಚಾರ ಮತ್ತು ಕಳ್ಳತನ ಎರಡಕ್ಕೂ ಬೇರೆ ಬೇರೆ ಆಜ್ಞೆ ಇರುವಾಗ, ಅವುಗಳ ಬಯಕೆಗೂ ಬೇರೆ ಬೇರೆ ಆಜ್ಞೆ ಇರುವುದು ಸರಿಹೊಂದುತ್ತದೆ.

ತ್ರಿತ್ವದ ಕಾರಣವನ್ನು ಇಂದಿನ ವಿದ್ವಾಂಸರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅಗಸ್ಟೀನ್ ಅವರ ವಿಭಜನೆಗೆ ಮೂಲದಲ್ಲಿ ಬಲವಿದೆ ಅನ್ನುವುದನ್ನು ಒಪ್ಪಲೇಬೇಕು. 'ಅವುಗಳಿಗೆ ಅಡ್ಡಬೀಳಬೇಡ' ಅನ್ನುವಲ್ಲಿ 'ಅವುಗಳು' ಯಾವುವು? ಬಹುವಚನವನ್ನು ನೋಡಿದರೆ ಅದು ಹಿಂದಿನ 'ಬೇರೆ ದೇವರುಗಳ' ಕಡೆಗೆ ತಿರುಗಿಕೊಳ್ಳುತ್ತದೆ ಎಂದು ಹಲವರು ಓದಿದ್ದಾರೆ. ಹಾಗೆ ಓದಿದರೆ ವಿಗ್ರಹದ ಮಾತು ಬೇರೆ ದೇವರುಗಳ ಮಾತಿನ ಒಳಗೇ ಸೇರುತ್ತದೆ. ಇನ್ನು ಕೊನೆಯ ತುದಿ. ಧರ್ಮೋಪದೇಶಕಾಂಡದಲ್ಲಿ ಹೆಂಡತಿ ಮೊದಲು, ಮನೆ ಆಮೇಲೆ ಬರುತ್ತದೆ. ಎರಡಕ್ಕೂ ಹೀಬ್ರೂವಿನಲ್ಲಿ ಬೇರೆ ಬೇರೆ ಕ್ರಿಯಾಪದಗಳಿವೆ. ಯಹೂದ್ಯರ ಹೀಬ್ರೂ ಪ್ರತಿಗಳಲ್ಲಿ ಪರಿಚ್ಛೇದ ಮುರಿಯಲು ಸಾಲಿನ ನಡುವೆ ಜಾಗ ಬಿಡುವ ಪದ್ಧತಿಯಿದೆ. ಧರ್ಮೋಪದೇಶಕಾಂಡದಲ್ಲಿ ಆ ಎರಡು ಆಶೆಗಳ ನಡುವೆ ಅಂಥ ಜಾಗ ಇದೆ. ಬೇರೆ ದೇವರು ಮತ್ತು ವಿಗ್ರಹದ ನಡುವೆ ಇಲ್ಲ.

ಆದರೆ ವಿಮೋಚನಕಾಂಡದ ಹೀಬ್ರೂ ಪಾಠ ಇದಕ್ಕೆ ಉಲ್ಟಾ. ಅಲ್ಲಿ ಮನೆ ಮೊದಲು, ಹೆಂಡತಿ ಆಮೇಲೆ. ಕ್ರಿಯಾಪದವೂ ಒಂದೇ. ಅಲ್ಲಿ 'ಮನೆ' ಅಂದರೆ ಇಡೀ ಸಂಸಾರ, ಹೆಂಡತಿ ಆಳು ದನ ಎಲ್ಲ ಅದರ ಪಟ್ಟಿ ಎಂದು ಓದುವುದು ಸಹಜ. ಆಗ ಇಬ್ಭಾಗ ಮಾಡಲು ಕಾರಣವೇ ಉಳಿಯುವುದಿಲ್ಲ. ಒಂದು ಪಾಠ ಒಂದು ಎಣಿಕೆಗೆ, ಇನ್ನೊಂದು ಪಾಠ ಇನ್ನೊಂದು ಎಣಿಕೆಗೆ ಒತ್ತಾಸೆಯಾಗಿ ನಿಲ್ಲುತ್ತದೆ. ಬರೀ ಮೂಲಪಾಠ ನೋಡಿ ತೀರ್ಪು ಕೊಡಲು ಆಗದಿರುವುದು ಇದರಿಂದಲೇ.

ಪಶ್ಚಿಮ ಯುರೋಪಿನಲ್ಲಿ ಅಗಸ್ಟೀನ್ ಅವರ ಮಾತಿಗೆ ಬಹಳ ತೂಕ. ಹಾಗಾಗಿ ಮುಂದಿನ ಸಾವಿರ ವರ್ಷ ಅಲ್ಲಿ ಅವರ ಎಣಿಕೆಯೇ ಚರ್ಚಿನ ಎಣಿಕೆಯಾಯಿತು.

16ನೇ ಶತಮಾನದಲ್ಲಿ ಸಂಖ್ಯೆ ಜಗಳವಾಯಿತು

ಅಷ್ಟು ಕಾಲ ಇದು ವಿದ್ವಾಂಸರ ಚರ್ಚೆಯಾಗಿತ್ತು. ಪ್ರೊಟೆಸ್ಟಂಟ್ ಸುಧಾರಣೆ ಶುರುವಾದಾಗ ಚರ್ಚಿನೊಳಗಿನ ಪ್ರತಿಮೆಗಳು ಇರಬೇಕೋ ಬೇಡವೋ ಎಂಬ ಪ್ರಶ್ನೆ ಬೀದಿಗೆ ಬಂತು. ಎಣಿಕೆಯೂ ಅದರ ಜತೆ ಬಂತು.

1522ರ ಆರಂಭದಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಕಾರ್ಲ್‌ಸ್ಟಾಟ್ ಎಂಬ ಸುಧಾರಕರು ಪ್ರತಿಮೆಗಳನ್ನು ತೆಗೆದುಹಾಕಬೇಕೆಂದು ಬರೆದರು. ಸುಧಾರಣೆಗೆ ಚಾಲನೆ ಕೊಟ್ಟ ಮಾರ್ಟಿನ್ ಲೂಥರ್ ಆಗ ಊರಲ್ಲಿರಲಿಲ್ಲ. ಮಾರ್ಚ್‌ನಲ್ಲಿ ವಾಪಸು ಬಂದು, ಇದನ್ನೆಲ್ಲ ಬಲವಂತದಿಂದ ಮಾಡಬೇಡಿ ಎಂದು ಸಾಲಾಗಿ ಪ್ರವಚನ ಕೊಟ್ಟರು. ವಿಗ್ರಹದ ಮಾತು ಮೊದಲ ಆಜ್ಞೆಗೆ ಸೇರಿದ್ದು, ಪೂಜೆ ಮಾಡದಿದ್ದರೆ ಪ್ರತಿಮೆ ಇದ್ದ ಮಾತ್ರಕ್ಕೆ ದೋಷವಿಲ್ಲ ಅನ್ನುವುದು ಅವರ ನಿಲುವು. 1529ರಲ್ಲಿ ಮನೆಮಂದಿಗೆ ಕಲಿಸಲು ಅವರು ಬರೆದ ಚಿಕ್ಕ ಕ್ಯಾಟೆಕಿಸಂ, ಅಂದರೆ ಪ್ರಶ್ನೋತ್ತರದ ಧರ್ಮಬೋಧೆ, ಅಗಸ್ಟೀನ್ ಅವರ ಎಣಿಕೆಯನ್ನೇ ಉಳಿಸಿಕೊಂಡಿತು. ಒಂದು ಸಣ್ಣ ಬದಲಾವಣೆ ಮಾತ್ರ ಆಯಿತು. ಲೂಥರ್ ವಿಮೋಚನಕಾಂಡದ ಕ್ರಮ ಹಿಡಿದು ಮನೆಯ ಆಶೆಯನ್ನು ಒಂಬತ್ತನೆಯದು, ಹೆಂಡತಿ ಮತ್ತು ಉಳಿದವರದನ್ನು ಹತ್ತನೆಯದು ಮಾಡಿದರು. ಕಥೋಲಿಕರಿಗೆ ಒಂಬತ್ತನೆಯದು ಹೆಂಡತಿ, ಹತ್ತನೆಯದು ಆಸ್ತಿ.

ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ದಾರಿ ಬೇರೆಯಾಯಿತು. ಸುಧಾರಕರಾದ ಜ್ವಿಂಗ್ಲಿ ಮತ್ತು ಲಿಯೋ ಯೂಡ್ ಅವರ ನಾಯಕತ್ವದಲ್ಲಿ 1523ರಲ್ಲಿ ಸಾರ್ವಜನಿಕ ಚರ್ಚೆ ನಡೆಯಿತು. 1524ರ ಬೇಸಿಗೆಯಲ್ಲಿ ನಗರದ ಆಡಳಿತವೇ ಮುಂದೆ ನಿಂತು ಚರ್ಚುಗಳಿಂದ ಪ್ರತಿಮೆಗಳನ್ನು ತೆಗೆಸಿತು. ಇಲ್ಲಿನ ಸುಧಾರಕರು ವಿಗ್ರಹದ ಮಾತಿಗೆ ಬೇರೆ ಸಂಖ್ಯೆ ಬೇಕೇ ಬೇಕು ಎಂದರು. ಜಿನೀವಾದ ಸುಧಾರಕ ಜಾನ್ ಕ್ಯಾಲ್ವಿನ್ ಇದನ್ನು ಇನ್ನೂ ಬಿಗಿಯಾಗಿ ವಾದಿಸಿದರು. ಒಂದೇ ಆಶೆಯ ಆಜ್ಞೆಯನ್ನು ಎರಡು ಮಾಡಿದವರು ವಿಗ್ರಹದ ಆಜ್ಞೆಯನ್ನು ಕಣ್ಮರೆ ಮಾಡಿದ್ದಾರೆ ಎಂದು ದೂರಿದರು. ತಮ್ಮ ಬೆಂಬಲಕ್ಕೆ ಒರಿಜೆನ್ ಅವರನ್ನು ಕರೆದರು. 1563ರ ಹೈಡೆಲ್‌ಬರ್ಗ್ ಕ್ಯಾಟೆಕಿಸಂ ಈ ಎಣಿಕೆಯನ್ನು ಮಕ್ಕಳ ಬಾಯಿಗೆ ತಂದಿತು. ಓದಲು ಬಾರದ ಜನರಿಗೆ ಪ್ರತಿಮೆಗಳೇ ಪುಸ್ತಕವಾಗಲಿ ಎನ್ನಬಹುದೇ ಎಂಬ ಪ್ರಶ್ನೆ ಅದರಲ್ಲಿದೆ. ಉತ್ತರ: ಇಲ್ಲ. ಇಂಗ್ಲೆಂಡಿನ ಚರ್ಚ್ ಕೂಡ ಇದೇ ಎಣಿಕೆಗೆ ಬಂತು. ಅಲ್ಲಿಂದ ಮೆಥಡಿಸ್ಟ್ ಮತ್ತಿತರ ಸಭೆಗಳಿಗೂ ಹರಡಿತು.

'ಎರಡನೆಯ ಆಜ್ಞೆಯನ್ನು ಅಡಗಿಸಿದರು' ಎಂಬ ಆರೋಪ

ಕಥೋಲಿಕರು ಪ್ರತಿಮೆ ಪೂಜಿಸುವ ಸಲುವಾಗಿ ವಿಗ್ರಹದ ಆಜ್ಞೆಯನ್ನೇ ಬೈಬಲಿನಿಂದ ಕಿತ್ತುಹಾಕಿದ್ದಾರೆ ಅನ್ನುವ ಮಾತು ಇಂದಿಗೂ ಕೇಳಿಬರುತ್ತದೆ. ಇದು ತಪ್ಪು. ಕಥೋಲಿಕರ ಬೈಬಲಿನಲ್ಲಿ ಆ ವಾಕ್ಯಗಳು ಹಾಗೇ ಇವೆ. ಬಾಯಿಪಾಠಕ್ಕೆಂದು ಮಾಡಿದ ಚಿಕ್ಕ ಪಟ್ಟಿಯಲ್ಲಿ ಮಾತ್ರ ಮೊದಲ ಆಜ್ಞೆಯ ತಲೆವಾಕ್ಯವಷ್ಟೇ ಉಳಿದು, ವಿಗ್ರಹದ ಭಾಗ ಬಿಟ್ಟುಹೋಗುತ್ತದೆ. ಎಲ್ಲ ಉದ್ದದ ಆಜ್ಞೆಗಳಿಗೂ ಹೀಗೆ ಕತ್ತರಿ ಬಿದ್ದಿದೆ. ಲೂಥರ್ ಅವರ ಚಿಕ್ಕ ಕ್ಯಾಟೆಕಿಸಂನಲ್ಲೂ ವಿಗ್ರಹದ ಸಾಲು ಇಲ್ಲ. ಅವರನ್ನು ಯಾರೂ ಪ್ರತಿಮೆ ಪೂಜಕ ಎಂದು ಕರೆಯುವುದಿಲ್ಲ. 1992ರ ಕಥೋಲಿಕ ಕ್ಯಾಟೆಕಿಸಂ ವಿಮೋಚನಕಾಂಡದ ಪಾಠ, ಧರ್ಮೋಪದೇಶಕಾಂಡದ ಪಾಠ, ಚಿಕ್ಕ ಪಟ್ಟಿ ಮೂರನ್ನೂ ಪಕ್ಕಪಕ್ಕದಲ್ಲಿ ಅಚ್ಚು ಮಾಡಿದೆ. ಎಣಿಕೆ ಇತಿಹಾಸದಲ್ಲಿ ಬದಲಾಗುತ್ತ ಬಂದಿದೆ, ತಾವು ಅಗಸ್ಟೀನ್ ಅವರದನ್ನು ಅನುಸರಿಸುತ್ತೇವೆ ಎಂದು ಅದೇ ಪುಸ್ತಕ ಒಪ್ಪಿಕೊಳ್ಳುತ್ತದೆ.

ಆದರೂ ಆ ಆರೋಪದ ಹಿಂದಿನ ಆತಂಕ ಪೂರ್ತಿ ಹುರುಳಿಲ್ಲದ್ದೇನಲ್ಲ. ಬರೀ ಚಿಕ್ಕ ಪಟ್ಟಿ ಕಲಿತ ಮಗುವಿಗೆ ವಿಗ್ರಹದ ಬಗ್ಗೆ ಒಂದು ಮಾತಿದೆ ಎಂಬುದೇ ಗೊತ್ತಾಗದಿರಬಹುದು. ಬೇರೆ ಸಂಖ್ಯೆ ಕೊಟ್ಟರೆ ಅದು ಪಟ್ಟಿಯಿಂದ ಬಿಟ್ಟುಹೋಗಲು ಸಾಧ್ಯವಿಲ್ಲ. ಕ್ಯಾಲ್ವಿನ್ ಅವರ ಹಟಕ್ಕೆ ಈ ಅರ್ಥ ಇತ್ತು.

ಆದರೆ ಎಣಿಕೆಯೇ ಪ್ರತಿಮೆಗಳ ಭವಿಷ್ಯ ತೀರ್ಮಾನಿಸುತ್ತದೆ ಎಂದುಕೊಂಡರೆ ಆರ್ಥೊಡಾಕ್ಸ್ ಚರ್ಚ್ ಅದನ್ನು ಸುಳ್ಳು ಮಾಡುತ್ತದೆ. ಅವರ ಎಣಿಕೆ ಕ್ಯಾಲ್ವಿನ್ ಅವರದೇ. ವಿಗ್ರಹಕ್ಕೆ ಎರಡನೆಯ ಸಂಖ್ಯೆ ಇದೆ. ಹಾಗಿದ್ದೂ ಅವರ ಚರ್ಚುಗಳ ಗೋಡೆ ತುಂಬ ಪವಿತ್ರ ಚಿತ್ರಗಳು. ಚಿತ್ರಕ್ಕೆ ಸಲ್ಲಿಸುವ ಗೌರವ ಬೇರೆ, ದೇವರಿಗೆ ಮಾತ್ರ ಸಲ್ಲುವ ಆರಾಧನೆ ಬೇರೆ ಎಂದು 787ರ ಎರಡನೇ ನಿಕೇಯಾ ಮಹಾಸಭೆ ಹೇಳಿತು. ಅವರು ಅದನ್ನು ಹಿಡಿದುಕೊಂಡಿದ್ದಾರೆ. ಇತ್ತ ಯಹೂದ್ಯರು ವಿಗ್ರಹದ ಮಾತನ್ನು ಬೇರೆ ದೇವರುಗಳ ಮಾತಿನೊಳಗೇ ಸೇರಿಸಿದ್ದಾರೆ, ಆದರೂ ವಿಗ್ರಹದ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಹೀಗಾಗಿ ನಂಬಿಕೆ ಮೊದಲೇ ಇತ್ತು, ಅದರ ಪರವಾಗಿ ವಾದಿಸುವಾಗ ಸಂಖ್ಯೆಯನ್ನು ಬಳಸಿಕೊಂಡರು ಎನ್ನುವುದೇ ಇತಿಹಾಸಕ್ಕೆ ಹೆಚ್ಚು ಹತ್ತಿರ.

ಪೋಸ್ಟರಿನಲ್ಲಿ ಎಷ್ಟು ಆಜ್ಞೆಗಳಿವೆ?

ಲೂಯಿಸಿಯಾನಾ ಕಾನೂನು ಕೊಟ್ಟಿರುವ ಪಾಠಕ್ಕೆ ಸಂಖ್ಯೆಗಳಿಲ್ಲ. ಅದರ ಬೇರು ಇರುವುದು ಈಗಲ್ಸ್ ಎಂಬ ಸಂಘದ ಕೆಲಸದಲ್ಲಿ. ಮಿನೆಸೋಟಾದ ನ್ಯಾಯಾಧೀಶ ಇ. ಜೆ. ರೂಗೆಮರ್ ಅವರ ಒತ್ತಾಸೆಯಿಂದ ಆ ಸಂಘ 20ನೇ ಶತಮಾನದ ನಡುವಿನಲ್ಲಿ ಆಜ್ಞೆಗಳ ಕಲ್ಲುಗಳನ್ನು ಅಮೆರಿಕದ ಅನೇಕ ಊರುಗಳಲ್ಲಿ ನಿಲ್ಲಿಸಿತು. ಯಾವ ಪಂಥಕ್ಕೂ ವಾಲದ ಪಾಠ ಬೇಕೆಂದು ಬೇರೆ ಬೇರೆ ಧರ್ಮದವರ ಸಮಿತಿಯೇ ಅದನ್ನು ಸಿದ್ಧಪಡಿಸಿತ್ತು.

ಸಾಲು ಎಣಿಸಿದರೆ ಹನ್ನೆರಡು. 'ನಿನ್ನ ದೇವರು ನಾನೇ' ಒಂದು ಸಾಲು. ಬೇರೆ ದೇವರುಗಳು ಎರಡನೆಯ ಸಾಲು, ವಿಗ್ರಹ ಮೂರನೆಯದು. ಹೆಸರು, ಸಬ್ಬತ್, ತಂದೆತಾಯಿ, ಕೊಲೆ, ವ್ಯಭಿಚಾರ, ಕಳ್ಳತನ, ಸುಳ್ಳುಸಾಕ್ಷಿ ಸೇರಿ ಹತ್ತು ಸಾಲು. ಹನ್ನೊಂದನೆಯದು ಮನೆ. ಹನ್ನೆರಡನೆಯದು ಹೆಂಡತಿ, ಆಳು, ದನ ಇತ್ಯಾದಿ. ಮೊದಲ ಸಾಲನ್ನು ತಲೆಬರಹ ಎಂದು ಬಿಟ್ಟರೂ ಹನ್ನೊಂದು ಉಳಿಯುತ್ತವೆ. ಎಲ್ಲರ ಗೆರೆಗಳನ್ನೂ ಒಂದೇ ಕಡೆ ಹಾಕಿದ್ದರಿಂದ ಹತ್ತು ಮೀರಿತು.

ಒಬ್ಬೊಬ್ಬರಾಗಿ ಓದಿಸಿ ನೋಡೋಣ. ಕ್ಯಾಲ್ವಿನ್ ಪರಂಪರೆಯ ಓದುಗ ಮೊದಲ ಸಾಲನ್ನು ಮುನ್ನುಡಿ ಅನ್ನುತ್ತಾನೆ, ಕೊನೆಯ ಎರಡನ್ನು ಸೇರಿಸುತ್ತಾನೆ, ಹತ್ತು ಬರುತ್ತದೆ. ಲೂಥರನ್ ಓದುಗ ಮೊದಲ ಮೂರು ಸಾಲು ಸೇರಿಸಿ ಒಂದು ಮಾಡುತ್ತಾನೆ. ಅವನ ಒಂಬತ್ತು, ಹತ್ತು ಕೊನೆಯ ಎರಡು ಸಾಲುಗಳಿಗೆ ಸರಿಯಾಗಿ ಕೂರುತ್ತವೆ. ಕಥೋಲಿಕ ಓದುಗನೂ ಮೊದಲ ಮೂರನ್ನು ಸೇರಿಸುತ್ತಾನೆ, ಆದರೆ ಕೊನೆಗೆ ಬಂದಾಗ ಸಿಕ್ಕಿಕೊಳ್ಳುತ್ತಾನೆ. ಅವನ ಒಂಬತ್ತನೆಯದಾದ ಹೆಂಡತಿಯ ಮಾತು ಇಲ್ಲಿ ಮನೆಯ ನಂತರ ಬಂದಿದೆ, ಅದೂ ಆಳು ದನಗಳ ಜತೆ ಒಂದೇ ಸಾಲಿನಲ್ಲಿ. ಯಹೂದಿ ಓದುಗನಿಗೆ ಎಣಿಕೆ ಹೊಂದುತ್ತದೆ, ಆದರೆ ಬೇರೆಯೇ ಕೊರತೆ ಕಾಣುತ್ತದೆ. ಮೊದಲ ಸಾಲಿನಲ್ಲಿ ಐಗುಪ್ತದಿಂದ ಬಿಡಿಸಿದ ಮಾತು ಇಲ್ಲ. ಅವನಿಗೆ ಆ ಬಿಡುಗಡೆಯೇ ಮೊದಲನೆಯದರ ಜೀವಾಳ, ಉಳಿದ ಒಂಬತ್ತಕ್ಕೂ ಅದೇ ಕಾರಣ.

ಸಂಖ್ಯೆ ಅಳಿಸಿದರೂ ಸಾಲು ಎಲ್ಲಿ ಮುರಿಯಬೇಕು, ಯಾವುದನ್ನು ಮೊದಲಿಡಬೇಕು, ಏನನ್ನು ಬಿಡಬೇಕು ಎಂಬ ಆಯ್ಕೆ ಉಳಿದೇ ಉಳಿಯುತ್ತದೆ. ಸಂಘವೊಂದು ಆ ಆಯ್ಕೆ ಮಾಡಿದರೆ ಅದು ಅದರ ಅಭಿಪ್ರಾಯ. ಸರ್ಕಾರವೇ ಕಾನೂನಿನಲ್ಲಿ ಬರೆದಾಗ, ಒಂದು ಓದನ್ನು ಅಧಿಕೃತ ಮಾಡಿದಂತೆ ಆಗುತ್ತದೆ ಅನ್ನುವುದು ವಿರೋಧಿಗಳ ವಾದ. ಪರವಾಗಿರುವವರು ಇದನ್ನು ಅಮೆರಿಕದ ಕಾನೂನಿನ ಇತಿಹಾಸದ ಭಾಗವೆಂದು ತೋರಿಸುತ್ತಿದ್ದೇವೆ, ಎಣಿಕೆಯ ವ್ಯತ್ಯಾಸ ದೊಡ್ಡದಲ್ಲ ಅನ್ನುತ್ತಾರೆ. 2005ರಲ್ಲಿ ಕೆಂಟಕಿಯ ಕೋರ್ಟ್ ಕಟ್ಟಡಗಳಲ್ಲಿ ಆಜ್ಞೆಗಳನ್ನು ಹಾಕಿದ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಇದೇ ಧಾಟಿಯಲ್ಲಿ ಬರೆದರು. ಇಂಥ ಬೇರೆ ಬೇರೆ ಪಾಠಗಳಿವೆ ಎಂಬುದೇ ಬಹುತೇಕ ಭಕ್ತರಿಗೆ ಗೊತ್ತಿರಲಾರದು, ತನಗೂ ಗೊತ್ತಿರಲಿಲ್ಲ ಎಂದರು. ಅವರು ಸ್ವತಃ ಕಥೋಲಿಕರು. ಜನರಿಗೆ ಗೊತ್ತಿಲ್ಲ ಅನ್ನುವುದು ನಿಜವಿರಬಹುದು. ಆದರೆ ಗೊತ್ತಿಲ್ಲದವರ ಎದುರಿಗೆ ಒಂದೇ ಪಾಠವನ್ನು ಗೋಡೆಗೆ ಹಾಕಿದಾಗ ಅದೇ ಏಕೈಕ ಪಾಠವಾಗಿ ಬೇರೂರುವುದು ಇನ್ನೂ ಸುಲಭ. ಆ ಕಾರಣಕ್ಕೆ ಸ್ಕಾಲಿಯಾ ಅವರ ವಾದ ವಿರೋಧಿಗಳಿಗೇ ನೆರವಾಗುತ್ತದೆ.

'ಆರನೆಯ ಆಜ್ಞೆ' ಎಂದು ಓದಿದಾಗ

ಎಣಿಕೆಯ ವ್ಯತ್ಯಾಸದಿಂದ ಜಾಸ್ತಿ ತಪ್ಪು ತಿಳುವಳಿಕೆ ಆಗುವುದು ಶಾಲೆಯ ಗೋಡೆಯ ಮೇಲಲ್ಲ, ಸುದ್ದಿಯಲ್ಲಿ. ಕಥೋಲಿಕ ಚರ್ಚಿನ ಕಾನೂನಿನಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು 'ಆರನೆಯ ಆಜ್ಞೆಯ ವಿರುದ್ಧದ ಅಪರಾಧ' ಎಂದು ಕರೆಯುತ್ತಾರೆ. 2021ರ ಡಿಸೆಂಬರ್ 8ರಿಂದ ಜಾರಿಗೆ ಬಂದ ಪರಿಷ್ಕೃತ ದಂಡವಿಧಿಯ 1398ನೇ ನಿಯಮದಲ್ಲೂ ಅದೇ ಮಾತಿದೆ. ಪಾದ್ರಿಯೊಬ್ಬರ ಮೇಲೆ ಇಂಥ ಆರೋಪ ಬಂದು, ವ್ಯಾಟಿಕನ್ ಹೇಳಿಕೆಯಲ್ಲಿ ಈ ಪದ ಬಂದಾಗ, ಪ್ರೊಟೆಸ್ಟಂಟ್ ಎಣಿಕೆ ಕಲಿತವರಿಗೆ ಅದು ಕೊಲೆಯ ಆರೋಪದಂತೆ ಕಾಣುತ್ತದೆ. ಅವರ ಆರನೆಯದು ಕೊಲೆ, ಏಳನೆಯದು ವ್ಯಭಿಚಾರ. ಕಥೋಲಿಕರಿಗೆ ಕೊಲೆ ಐದನೆಯದು.

ಇದು ದೂರದ ಸಂಗತಿಯೇನಲ್ಲ. ಮಂಗಳೂರಿನಲ್ಲಿ ಕಥೋಲಿಕ ಚರ್ಚೂ ಇದೆ, ಸಿಎಸ್‌ಐ ಎಂಬ ಪ್ರೊಟೆಸ್ಟಂಟ್ ಚರ್ಚೂ ಇದೆ. ಕಥೋಲಿಕ ಮಗು ಅಗಸ್ಟೀನ್ ಅವರ ಎಣಿಕೆಯನ್ನು ಕಲಿಯುತ್ತದೆ. ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಸೇರಿ 1947ರಲ್ಲಿ ಆದ ಸಿಎಸ್‌ಐಯಲ್ಲಿ ಸಾಮಾನ್ಯವಾಗಿ ವಿಗ್ರಹಕ್ಕೆ ಎರಡನೆಯ ಸ್ಥಾನ ಕೊಡುವ ಎಣಿಕೆ ಇರುತ್ತದೆ. ಇಬ್ಬರ ಕೈಯಲ್ಲೂ ವಿಮೋಚನಕಾಂಡದ 20ನೇ ಅಧ್ಯಾಯ ಇರುತ್ತದೆ.

ಒಂದು ಬರಹ ಯಾವ ಎಣಿಕೆಯಲ್ಲಿದೆ ಎಂದು ತಿಳಿಯಲು ದೇವರ ಹೆಸರಿನ ಆಜ್ಞೆಗೆ ಯಾವ ಸಂಖ್ಯೆ ಕೊಟ್ಟಿದ್ದಾರೆ ನೋಡಿ. ಅದು ಎರಡನೆಯದಾಗಿದ್ದರೆ ಕಥೋಲಿಕ ಅಥವಾ ಲೂಥರನ್ ಎಣಿಕೆ. ಅವೆರಡರಲ್ಲಿ ಯಾವುದು ಎಂಬುದು ಒಂಬತ್ತನೆಯದರಲ್ಲಿ ಗೊತ್ತಾಗುತ್ತದೆ: ಹೆಂಡತಿಯಿದ್ದರೆ ಕಥೋಲಿಕ, ಮನೆಯಿದ್ದರೆ ಲೂಥರನ್. ದೇವರ ಹೆಸರು ಮೂರನೆಯದಾಗಿದ್ದರೆ ಮೊದಲನೆಯದನ್ನು ನೋಡಬೇಕು. 'ಐಗುಪ್ತದಿಂದ ಬಿಡಿಸಿದ ದೇವರು ನಾನೇ' ಎಂಬುದೇ ಅಲ್ಲಿ ಒಂಟಿಯಾಗಿ ನಿಂತಿದ್ದರೆ ಯಹೂದಿ ಎಣಿಕೆ. 'ಬೇರೆ ದೇವರುಗಳು ಇರಬಾರದು' ಎಂದಿದ್ದು, ಎರಡನೆಯದು ವಿಗ್ರಹವಾಗಿದ್ದರೆ ಆರ್ಥೊಡಾಕ್ಸ್ ಅಥವಾ ಕ್ಯಾಲ್ವಿನ್ ಪರಂಪರೆಯ ಎಣಿಕೆ. ಈ ಕೊನೆಯ ಇಬ್ಬರನ್ನು ಬೇರ್ಪಡಿಸಲು ಸಂಖ್ಯೆಯಿಂದ ಆಗುವುದಿಲ್ಲ.